ಮೇಲ್‌ನಲ್ಲಿ ಎಷ್ಟು ಸಲ ‘ಕ್ಷಮಿಸಿ’? ಹೊಸ ಉದ್ಯೋಗಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಮೊದಲು ಒಂದು ಮೇಲ್ ಓದಿ. ಇದನ್ನು ನಾನೇ ಉದಾಹರಣೆಗಾಗಿ ಬರೆದಿದ್ದೇನೆ. ಆದರೆ ಇದರಲ್ಲಿರುವ ಒಂದೊಂದು ಸಾಲನ್ನೂ ಹೊಸದಾಗಿ ಸೇರಿದವರ ಮೇಲ್‌ಗಳಲ್ಲಿ ಬೇರೆ ಬೇರೆ ಕಡೆ ಓದಿದ್ದೇನೆ. ಪೀಣ್ಯದ ಒಂದು ಸಣ್ಣ ಫ್ಯಾಬ್ರಿಕೇಷನ್ ಕಾರ್ಖಾನೆ ಅಂತ ಇಟ್ಟುಕೊಳ್ಳೋಣ. ಅಕೌಂಟ್ಸ್ ವಿಭಾಗಕ್ಕೆ ಸೇರಿ ಐದು ತಿಂಗಳಾದ ರಶ್ಮಿ, ಫೆಬ್ರವರಿ 16ರಂದು ತನ್ನ ಮ್ಯಾನೇಜರ್‌ಗೆ ಬರೆಯುತ್ತಿದ್ದಾಳೆ.

> ವಿಷಯ: ಒಂದು ಸಣ್ಣ ಡೌಟ್
>
> ನಮಸ್ತೆ ಸರ್,
>
> ಕ್ಷಮಿಸಿ, ನೀವು ಬಿಜಿ ಇರುತ್ತೀರಿ ಅಂತ ಗೊತ್ತು. ಸುಮ್ನೆ ಒಂದು ಸಣ್ಣ ವಿಷಯ ಕೇಳೋಣ ಅಂತ ಮೇಲ್ ಮಾಡುತ್ತಿದ್ದೇನೆ, ದಯವಿಟ್ಟು ಅನ್ಯಥಾ ಭಾವಿಸಬೇಡಿ. ನಾನು ಹೊಸಬಳು, ನನಗೆ ಅಷ್ಟಾಗಿ ಗೊತ್ತಿಲ್ಲ. ಜನವರಿಯ ಸ್ಟೀಲ್ ಶೀಟ್ ಬಿಲ್ ಬಹುಶಃ 2B ಯಲ್ಲಿ ಬಂದಿಲ್ಲವೇನೋ ಅಂತ ನನಗೆ ಅನಿಸುತ್ತಿದೆ. ಸಪ್ಲೈಯರ್ ರಿಟರ್ನ್ ಹಾಕಿಲ್ಲ. ಇದರಿಂದ ಸ್ವಲ್ಪ ತೊಂದರೆ ಆಗಬಹುದೇನೋ. ಸಾಧ್ಯವಾದರೆ, ನಿಮಗೆ ಸಮಯ ಸಿಕ್ಕಾಗ ಒಂದು ಸಲ ನೋಡಿದರೆ ಒಳ್ಳೆಯದಿತ್ತು. ಮೊದಲೇ ಹೇಳಬೇಕಿತ್ತು, ಸಾರಿ ಸರ್. ತೊಂದರೆ ಕೊಟ್ಟಿದ್ದಕ್ಕೆ ಮತ್ತೊಮ್ಮೆ ಕ್ಷಮೆ ಇರಲಿ.
>
> ರಶ್ಮಿ

ಈ ಮೇಲ್‌ನ ಹಿಂದೆ ಇರುವ ಸಂಗತಿ ಸಣ್ಣದಲ್ಲ. ಸಪ್ಲೈಯರ್‌ಗಳು ತಮ್ಮ ಬಿಲ್‌ಗಳನ್ನು ಜಿಎಸ್‌ಟಿ ಪೋರ್ಟಲ್‌ಗೆ ಹಾಕಿದಾಗ, ಅವೆಲ್ಲ ಸೇರಿ ತಿಂಗಳ 14ನೇ ತಾರೀಕು ನಮ್ಮ GSTR-2B ಪಟ್ಟಿಯಾಗಿ ಬರುತ್ತವೆ. ಆ ಪಟ್ಟಿಯಲ್ಲಿಲ್ಲದ ಬಿಲ್‌ಗೆ ಆ ತಿಂಗಳು ತೆರಿಗೆ ಕ್ರೆಡಿಟ್, ಅಂದರೆ ಬಿಲ್‌ನಲ್ಲಿರುವ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ, ಸಿಗುವುದಿಲ್ಲ. ರಶ್ಮಿಯ ಬಿಲ್‌ನಲ್ಲಿ ಮಾಲಿನ ಬೆಲೆ ₹3,00,000, ಅದರ ಮೇಲೆ ಶೇ 18 ತೆರಿಗೆ ₹54,000. 20ನೇ ತಾರೀಕು ರಿಟರ್ನ್ ಕಟ್ಟುವಾಗ ಆ ₹54,000 ಕಂಪನಿಯ ಬ್ಯಾಂಕ್ ಖಾತೆಯಿಂದಲೇ ಹೋಗಬೇಕು. ಇನ್ನೂ ಒಂದು ವಿಷಯವಿದೆ. ಅದೇ ಸಪ್ಲೈಯರ್‌ಗೆ 18ರಂದು ₹1,54,000 ಬಾಕಿ ಕೊಡಬೇಕಿದೆ. ಹಣ ಕೊಟ್ಟ ಮೇಲೆ ಬಿಲ್ ಸರಿಪಡಿಸಿ ಅಂತ ಅವರ ಹಿಂದೆ ಓಡಾಡುವುದು ಕಷ್ಟ. ಆದ್ದರಿಂದ ಮ್ಯಾನೇಜರ್ ಎರಡು ದಿನದೊಳಗೆ ಒಂದು ತೀರ್ಮಾನ ಮಾಡಬೇಕು.

ಈಗ ಮೇಲ್ ಮತ್ತೆ ಓದಿ. ₹54,000 ಎಲ್ಲಿದೆ? 18ನೇ ತಾರೀಕು ಎಲ್ಲಿದೆ? ಮ್ಯಾನೇಜರ್ ಏನು ಮಾಡಬೇಕು ಅನ್ನುವುದು ಎಲ್ಲಿದೆ? ಯಾವುದೂ ಇಲ್ಲ. ಅವರು ಫೋನ್‌ನಲ್ಲಿ ನೋಡಿದಾಗ ಕಾಣುವುದು ‘ಒಂದು ಸಣ್ಣ ಡೌಟ್’, ಅದರ ಕೆಳಗೆ ‘ಕ್ಷಮಿಸಿ, ನೀವು ಬಿಜಿ ಇರುತ್ತೀರಿ’. ರಾತ್ರಿ ನೋಡಿದರಾಯಿತು ಅಂದುಕೊಳ್ಳುತ್ತಾರೆ. ತಪ್ಪು ಅವರದ್ದಲ್ಲ, ಹಾಗೆ ಅಂದುಕೊಳ್ಳಿ ಅಂತ ಆ ಮೇಲ್ ತಾನೇ ಹೇಳಿದೆ.

ಈ ಮೇಲ್ ಸರಿಮಾಡುವಾಗ ನಾನು ಒಂದು ವಿಷಯ ಬಿಡದೆ ಹಿಡಿದುಕೊಳ್ಳುತ್ತೇನೆ. ಮರ್ಯಾದೆ ತೋರಿಸುವ ಮಾತುಗಳೇ ಬೇರೆ, ಅಂಜಿಕೆ ತೋರಿಸುವ ಮಾತುಗಳೇ ಬೇರೆ. ಹೊಸಬರು ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ಅದಕ್ಕೇ ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ ಅಂತ ಹೆದರುತ್ತಾರೆ. ನಮ್ಮ ಭಾಷೆಯಲ್ಲಿ ಆ ಭಯಕ್ಕೆ ಕಾರಣವಿಲ್ಲ. ‘ಸರ್’, ‘ನೀವು’, ‘ತಿಳಿಸಿ’ ಇಷ್ಟರಲ್ಲೇ ಮರ್ಯಾದೆ ಇದೆ. ‘ತಿಳಿಸು’ ಅಲ್ಲ, ‘ತಿಳಿಸಿ’. ಕ್ರಿಯಾಪದದ ಕೊನೆಯಲ್ಲೇ ಗೌರವ ಕೂತಿದೆ. ಅದರ ಮೇಲೆ ಐದು ಕ್ಷಮೆ ಪೇರಿಸಿದರೆ ಗೌರವ ಜಾಸ್ತಿಯಾಗುವುದಿಲ್ಲ.

## ಹಂತ 1: ಬೇಕಾದ್ದನ್ನು ಒಂದು ಸಾಲಿನಲ್ಲಿ ಬೇರೆ ಕಡೆ ಬರೆದುಕೊಳ್ಳಿ

ಮೇಲ್‌ಗೆ ಇನ್ನೂ ಕೈ ಹಾಕಬೇಡಿ. ಒಂದು ಚೀಟಿಯ ಮೇಲೆ, ಪಕ್ಕದ ಸೀಟಿನ ಗೆಳತಿಗೆ ಹೇಳುವ ಹಾಗೆ ಬರೆಯಿರಿ: ಯಾರು, ಏನು ಮಾಡಬೇಕು, ಯಾವಾಗಿನೊಳಗೆ. ರಶ್ಮಿಯ ಚೀಟಿ ಹೀಗಿರುತ್ತದೆ: ‘ಆ ಸಪ್ಲೈಯರ್‌ಗೆ 18ಕ್ಕೆ ಪೂರ್ತಿ ದುಡ್ಡು ಕೊಡೋದು ಬೇಡ, 54 ಸಾವಿರ ಹಿಡ್ಕೊಳ್ಳೋಣ ಅಂತ ಸರ್ 17ರೊಳಗೆ ಓಕೆ ಹೇಳಬೇಕು.’

ಈ ಸಾಲು ಬರೆಯುವುದಕ್ಕೆ ಆಗದಿದ್ದರೆ ತೊಂದರೆ ಪದಗಳಲ್ಲಿಲ್ಲ. ನಿಮಗೆ ಏನು ಬೇಕು ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ‘ಸಾಧ್ಯವಾದರೆ’, ‘ಒಂದು ಸಲ ನೋಡಿ’ಗಳು ಹುಟ್ಟುವುದು ಇಲ್ಲೇ. ಬರೆಯುವವರಿಗೇ ಕೇಳಬೇಕಾದ್ದು ಸ್ಪಷ್ಟವಿಲ್ಲ, ಅದನ್ನು ವಿನಯ ಮುಚ್ಚುತ್ತದೆ. ರಶ್ಮಿಯ ‘ಒಂದು ಸಲ ನೋಡಿದರೆ ಒಳ್ಳೆಯದಿತ್ತು’ ಕೂಡ ಅಂಥದ್ದೇ. ಮ್ಯಾನೇಜರ್ ಏನನ್ನು ನೋಡಬೇಕು? 2B ಪಟ್ಟಿಯನ್ನೇ? ಅದನ್ನು ಅವಳು ಆಗಲೇ ನೋಡಿಯಾಗಿದೆ.

ಹಾಗಾಗಿ ಚೀಟಿ ಸಿದ್ಧವಾಗುವವರೆಗೆ ಕಾಯಿರಿ. ಮುಂದಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

## ಹಂತ 2: ಕ್ಷಮೆಗಳನ್ನು ಒಂದೊಂದಾಗಿ ಗುರುತಿಸಿ

ಮೇಲ್‌ನಲ್ಲಿರುವ ಕ್ಷಮೆಗಳಿಗೆಲ್ಲ ಗೆರೆ ಎಳೆಯಿರಿ. ‘ಕ್ಷಮಿಸಿ’, ‘ಸಾರಿ’, ‘ಕ್ಷಮೆ ಇರಲಿ’ ಸುಲಭವಾಗಿ ಸಿಗುತ್ತವೆ. ರಶ್ಮಿಯ ಮೇಲ್‌ನಲ್ಲಿ ಅವು ಮೂರಿವೆ. ವೇಷ ಮರೆಸಿಕೊಂಡ ಕ್ಷಮೆಗಳೂ ಇವೆ: ‘ನೀವು ಬಿಜಿ ಇರುತ್ತೀರಿ ಅಂತ ಗೊತ್ತು’, ‘ಅನ್ಯಥಾ ಭಾವಿಸಬೇಡಿ’, ‘ನಾನು ಹೊಸಬಳು’. ಇವನ್ನೂ ಸೇರಿಸಿದರೆ ಆರಾಯಿತು.

ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ನಾನು ಮಾಡಿದ್ದರಿಂದ, ಅಥವಾ ಮಾಡದೆ ಬಿಟ್ಟಿದ್ದರಿಂದ, ಓದುವವರಿಗೆ ಏನಾದರೂ ನಷ್ಟವಾಯಿತೇ?

ಮೊದಲ ‘ಕ್ಷಮಿಸಿ’ ಮೇಲ್ ಕಳಿಸಿದ್ದಕ್ಕೆ. ಮೇಲ್ ಕಳಿಸುವುದು ರಶ್ಮಿಯ ಕೆಲಸ, ಅದಕ್ಕೇ ಸಂಬಳ. ನಷ್ಟವಿಲ್ಲ, ತೆಗೆಯಿರಿ. ಕೊನೆಯ ‘ತೊಂದರೆ ಕೊಟ್ಟಿದ್ದಕ್ಕೆ’ ಕೂಡ ಇದೇ ಜಾತಿ. ಇದು ಇನ್ನೂ ಒಂದು ಕೆಟ್ಟದ್ದು ಮಾಡುತ್ತದೆ. ತೊಂದರೆ ಮಾಡಿದ್ದು ಸಪ್ಲೈಯರ್ ಕಡೆಯ ಬಿಲ್, ಅದನ್ನು ಪತ್ತೆ ಹಚ್ಚಿದ್ದು ರಶ್ಮಿ. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ‘ಈ ಹುಡುಗಿ ಏನೋ ಎಡವಟ್ಟು ಮಾಡಿದ್ದಾಳೆ’ ಅನ್ನುವುದು ಉಳಿಯುತ್ತದೆ.

‘ಅನ್ಯಥಾ ಭಾವಿಸಬೇಡಿ’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎದುರು ಕೂತು ಮಾತಾಡುವಾಗ ಇದಕ್ಕೆ ಜಾಗವಿದೆ. ಮುಖದಲ್ಲಿ ನಗು ಇರುತ್ತದೆ, ದನಿ ಇರುತ್ತದೆ. ಮೇಲ್‌ನಲ್ಲಿ ಅವೆರಡೂ ಇಲ್ಲ. ಓದುವವರು ಅಲ್ಲಿಯವರೆಗೆ ಅನ್ಯಥಾ ಏನೂ ಭಾವಿಸಿರುವುದಿಲ್ಲ. ಈ ಮಾತು ಓದಿದ ಮೇಲೆ ‘ಅಂಥದ್ದೇನಿದೆ ಇದರಲ್ಲಿ?’ ಅಂತ ಹುಡುಕಲು ಶುರು ಮಾಡುತ್ತಾರೆ. ‘ತಪ್ಪು ತಿಳಿಯಬೇಡಿ’ ಕೂಡ ಹೀಗೇ. ಎರಡನ್ನೂ ಮೇಲ್‌ನಿಂದ ಪೂರ್ತಿ ಬಿಡಬಹುದು.

‘ನಾನು ಹೊಸಬಳು’ ಅನ್ನುವುದು ಮ್ಯಾನೇಜರ್‌ಗೆ ಗೊತ್ತಿದೆ. ಕೆಲಸಕ್ಕೆ ತೆಗೆದುಕೊಂಡವರೇ ಅವರು.

ಇನ್ನು ‘ಮೊದಲೇ ಹೇಳಬೇಕಿತ್ತು, ಸಾರಿ’. ಇಲ್ಲಿ ನಿಂತು ಯೋಚಿಸಬೇಕು, ಏಕೆಂದರೆ ಇದು ನಿಜವಾದ ತಪ್ಪೂ ಆಗಿರಬಹುದು. 2B ಬಂದದ್ದು 14ಕ್ಕೆ, ರಶ್ಮಿ ಬರೆಯುತ್ತಿರುವುದು 16ಕ್ಕೆ. ಪಟ್ಟಿಯನ್ನು ನಮ್ಮ ಲೆಕ್ಕದ ಜೊತೆ ಹೋಲಿಸಿ ನೋಡಲು ಒಂದೆರಡು ದಿನ ಬೇಕೇ ಬೇಕು. ಹಾಗಿದ್ದರೆ ತಡವಾಗಿಲ್ಲ, ಸಾಲು ತೆಗೆಯಿರಿ. ಆದರೆ ‘14ಕ್ಕೇ ನೋಡಿ ಹೇಳು’ ಅಂತ ಮ್ಯಾನೇಜರ್ ಮೊದಲೇ ಹೇಳಿದ್ದು, ಅವಳು ಮರೆತಿದ್ದರೆ, ಕ್ಷಮೆ ಕೇಳಲೇಬೇಕು. ಒಂದೇ ಸಲ, ಯಾವುದಕ್ಕೆ ಅಂತ ಹೇಳಿ, ಜೊತೆಗೆ ಈಗ ಏನು ಮಾಡಿದ್ದೇನೆ ಅಂತ ಹೇಳಿ:

> ನೀವು ಹೇಳಿದ್ದಂತೆ 14ಕ್ಕೇ 2B ನೋಡಬೇಕಿತ್ತು, ನಾನು ನೋಡಿದ್ದು ಇವತ್ತು. ಇದು ನನ್ನ ತಪ್ಪು, ಕ್ಷಮಿಸಿ. ಮುಂದಿನ ತಿಂಗಳಿಂದ 14ಕ್ಕೆ ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಹಾಕಿದ್ದೇನೆ.

ಇಲ್ಲಿ ‘ಕ್ಷಮಿಸಿ’ಗೆ ಎಷ್ಟು ತೂಕ ಬಂತು ನೋಡಿ. ಬೇಡದ ಕಡೆಯೆಲ್ಲ ಆ ಪದ ಖರ್ಚು ಮಾಡಿದ್ದರೆ ಇಲ್ಲಿ ಅದಕ್ಕೆ ಬೆಲೆ ಇರುತ್ತಿರಲಿಲ್ಲ. ಈ ಮಾತನ್ನು ಮೇಲ್‌ನ ಮೊದಲ ಸಾಲಿನಲ್ಲಿ ಇಡಬೇಡಿ. ಮೊದಲು ಸಂಗತಿ, ಆಮೇಲೆ ಇದು. ಓದುವವರಿಗೆ ಮೊದಲು ಬೇಕಾದ್ದು ಹಣದ ವಿಷಯ.

‘ಸಾರಿ ಬದಲು ಥ್ಯಾಂಕ್ಸ್ ಹೇಳಿ’ ಅನ್ನುವ ಸಲಹೆ ಈಗ ಎಲ್ಲೆಡೆ ಓಡಾಡುತ್ತಿದೆ. ‘ತಡವಾಗಿದ್ದಕ್ಕೆ ಕ್ಷಮಿಸಿ’ ಬದಲು ‘ತಾಳ್ಮೆಯಿಂದ ಕಾದಿದ್ದಕ್ಕೆ ಧನ್ಯವಾದ’ ಅಂತ. ನನಗೆ ಇದು ಕನ್ನಡದಲ್ಲಿ ಸರಿ ಅನಿಸುವುದಿಲ್ಲ. ನಮ್ಮಲ್ಲಿ ಹಾಗೆ ಹೇಳುವ ರೂಢಿ ಇಲ್ಲ, ಬ್ಯಾಂಕಿನ ರೆಕಾರ್ಡ್ ಮಾಡಿದ ದನಿಯ ಹಾಗೆ ಕೇಳುತ್ತದೆ. ಅದಕ್ಕಿಂತ ಮುಖ್ಯ, ನಿಮ್ಮ ತಪ್ಪಿನಿಂದ ಒಬ್ಬರು ಕಾದಿದ್ದರೆ ಅವರು ತಾಳ್ಮೆಯಿಂದ ಕಾದಿರಲಿಕ್ಕಿಲ್ಲ. ತಪ್ಪಿದ್ದರೆ ಕ್ಷಮೆ, ಇಲ್ಲದಿದ್ದರೆ ಎರಡೂ ಬೇಡ.

## ಹಂತ 3: ಅಳುಕಿನ ಪದಗಳನ್ನು ಎಣಿಸಿ, ಆದರೆ ಎಲ್ಲವನ್ನೂ ಅಳಿಸಬೇಡಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಕ್ಷಮೆ ತೆಗೆಯುವುದು ಸುಲಭ, ಇದರಲ್ಲಿ ಎಡವುವವರು ಬಹಳ.

ಕನ್ನಡದಲ್ಲಿ ಅಳುಕು ಎರಡು ಕಡೆ ಅಡಗಿರುತ್ತದೆ. ಒಂದು, ಬಿಡಿ ಪದಗಳಲ್ಲಿ: ಬಹುಶಃ, ಸುಮ್ನೆ, ಸ್ವಲ್ಪ, ಅನಿಸುತ್ತೆ, ಸಾಧ್ಯವಾದರೆ. ಇನ್ನೊಂದು, ಕ್ರಿಯಾಪದದ ಬಾಲದಲ್ಲಿ: ‘ಆಗಬಹುದು’, ‘ಬಂದಿಲ್ಲವೇನೋ’, ‘ನೋಡಿದರೆ ಒಳ್ಳೆಯದಿತ್ತು’. ಎರಡನೆಯದು ಕಣ್ಣಿಗೆ ಬೇಗ ಬೀಳುವುದಿಲ್ಲ. ಅದಕ್ಕೇ ಪ್ರತಿ ವಾಕ್ಯದ ಕೊನೆಯ ಪದವನ್ನು ಬೇರೆಯಾಗಿ ನೋಡಬೇಕು.

ರಶ್ಮಿಯ ಮುಖ್ಯ ವಾಕ್ಯ ತೆಗೆದುಕೊಳ್ಳಿ: ‘ಬಿಲ್ ಬಹುಶಃ 2B ಯಲ್ಲಿ ಬಂದಿಲ್ಲವೇನೋ ಅಂತ ನನಗೆ ಅನಿಸುತ್ತಿದೆ.’ ಒಂದೇ ವಾಕ್ಯದಲ್ಲಿ ಮೂರು ಅಳುಕು. ಆದರೆ ಬಿಲ್ ಆ ಪಟ್ಟಿಯಲ್ಲಿ ಇಲ್ಲ ಅನ್ನುವುದನ್ನು ಅವಳು ಪೋರ್ಟಲ್‌ನಲ್ಲಿ ಕಣ್ಣಾರೆ ನೋಡಿದ್ದಾಳೆ. ಅದು ಅನಿಸಿಕೆ ಅಲ್ಲ.

ಅದರ ಮುಂದಿನ ವಾಕ್ಯ: ‘ಸಪ್ಲೈಯರ್ ರಿಟರ್ನ್ ಹಾಕಿಲ್ಲ.’ ಇಲ್ಲಿ ಒಂದೂ ಅಳುಕಿಲ್ಲ. ಆದರೆ ಇದು ಅವಳಿಗೆ ಗೊತ್ತಿಲ್ಲದ ವಿಷಯ! ಬಿಲ್ ಕಾಣದಿರುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಅವರು ರಿಟರ್ನ್ ಹಾಕಿದ್ದರೂ ಈ ಒಂದು ಬಿಲ್ ಬಿಟ್ಟುಹೋಗಿರಬಹುದು. ನಮ್ಮ ಜಿಎಸ್‌ಟಿ ನಂಬರ್ ಬದಲು ಬೇರೆಯವರ ನಂಬರ್ ಹಾಕಿ, ಬಿಲ್ ಇನ್ಯಾರದೋ ಪಟ್ಟಿಗೆ ಹೋಗಿರಬಹುದು. 11ನೇ ತಾರೀಕಿನ ಗಡುವು ದಾಟಿ ತಡವಾಗಿ ಹಾಕಿದ್ದರೆ ಬಿಲ್ ಮುಂದಿನ ತಿಂಗಳ ಪಟ್ಟಿಯಲ್ಲಿ ಬರುತ್ತದೆ. ಮ್ಯಾನೇಜರ್ ಈ ಸಾಲು ನಂಬಿ ಸಪ್ಲೈಯರ್‌ಗೆ ಫೋನ್‌ನಲ್ಲಿ ಜೋರು ಮಾಡಿ, ಆಮೇಲೆ ಅವರು ರಿಟರ್ನ್ ಹಾಕಿದ ದಾಖಲೆ ಕಳಿಸಿದರೆ? ಆಗ ರಶ್ಮಿಯ ಮಾತಿಗೆ ಬೆಲೆ ಹೋಗುತ್ತದೆ.

ಅಂದರೆ ಅಳುಕು ಇರಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ. ಹೊಸಬರ ಮೇಲ್‌ಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಅಳುಕಿನ ಪದ ವಿಷಯದ ಖಚಿತತೆಯನ್ನು ಅನುಸರಿಸಿ ಬಂದಿರುವುದಿಲ್ಲ, ದೊಡ್ಡವರಿಗೆ ಹೇಳುವಾಗಿನ ಮುಜುಗರವನ್ನು ಅನುಸರಿಸಿ ಬಂದಿರುತ್ತದೆ. ಆದ್ದರಿಂದ ಪಟ್ಟಿ ಇಟ್ಟುಕೊಂಡು ‘ಬಹುಶಃ’ಗಳನ್ನೆಲ್ಲ ಅಳಿಸಿದರೆ ಕೆಲಸ ಆಗುವುದಿಲ್ಲ. ಪ್ರತಿ ವಾಕ್ಯವನ್ನೂ ಇದು ನಾನು ನೋಡಿದ್ದೇ, ಊಹಿಸಿದ್ದೇ, ಅಥವಾ ಗೊತ್ತಿಲ್ಲದ್ದೇ ಅಂತ ಕೇಳಿಕೊಳ್ಳಿ.

ನೋಡಿದ್ದಾದರೆ ನೇರವಾಗಿ ಹೇಳಿ: ‘ಬಿಲ್ 2B ಯಲ್ಲಿ ಬಂದಿಲ್ಲ.’ ಧೈರ್ಯ ಸಾಲದಿದ್ದರೆ ಅಳುಕಿನ ಪದದ ಬದಲು ಆಧಾರ ಕೊಡಿ: ‘ಇವತ್ತು ಬೆಳಿಗ್ಗೆ ಎರಡು ಸಲ ಹೋಲಿಸಿ ನೋಡಿದ್ದೇನೆ.’ ನಿಮ್ಮ ಹೆದರಿಕೆಗೂ ಇದೇ ಮದ್ದು. ಮ್ಯಾನೇಜರ್‌ಗೆ ಬರುವ ಮೊದಲ ಪ್ರಶ್ನೆ ‘ಸರಿಯಾಗಿ ನೋಡಿದ್ದೀಯಾ?’ ಅನ್ನುವುದು, ಅದಕ್ಕೆ ಉತ್ತರ ಆಗಲೇ ಅಲ್ಲಿರುತ್ತದೆ.

ಊಹಿಸಿದ್ದಾದರೆ ಒಂದೇ ಅಳುಕಿನ ಪದ ಇಟ್ಟು, ಯಾಕೆ ಹಾಗೆ ಅನಿಸಿತು ಅಂತ ಹೇಳಿ. ‘ಡಿಸೆಂಬರ್‌ನಲ್ಲೂ ಅವರ ಒಂದು ಬಿಲ್ ತಡವಾಗಿ ಬಂದಿತ್ತು, ಈ ಸಲವೂ ಹಾಗೇ ಆಗಿರಬಹುದು.’ ಇಲ್ಲಿ ‘ಆಗಿರಬಹುದು’ ಇರಲೇಬೇಕು. ಅದನ್ನು ‘ಆಗಿದೆ’ ಅಂತ ಬದಲಿಸಿದರೆ ಆತ್ಮವಿಶ್ವಾಸ ಅಲ್ಲ, ಸುಳ್ಳು.

ಗೊತ್ತಿಲ್ಲದ್ದಾದರೆ ಗೊತ್ತಿಲ್ಲ ಅಂತಲೇ ಬರೆಯಿರಿ, ಜೊತೆಗೆ ಯಾವಾಗ ಗೊತ್ತಾಗುತ್ತದೆ ಅಂತ ಹೇಳಿ: ‘ಕಾರಣ ಇನ್ನೂ ಗೊತ್ತಿಲ್ಲ. ಮಧ್ಯಾಹ್ನ ಅವರಿಗೆ ಫೋನ್ ಮಾಡಿ, ಸಂಜೆ 5ರೊಳಗೆ ತಿಳಿಸುತ್ತೇನೆ.’ ‘ನನಗೆ ಅಷ್ಟಾಗಿ ಗೊತ್ತಿಲ್ಲ’ ಮತ್ತು ‘ಕಾರಣ ಇನ್ನೂ ಗೊತ್ತಿಲ್ಲ’ ಒಂದೇ ಅಲ್ಲ. ಮೊದಲನೆಯದು ನಿಮ್ಮ ಮೇಲೆಯೇ ಬರುತ್ತದೆ, ಎರಡನೆಯದು ಒಂದು ಕೆಲಸ ಬಾಕಿ ಇದೆ ಅನ್ನುತ್ತದೆ.

ಉಳಿದದ್ದು ‘ಸ್ವಲ್ಪ ತೊಂದರೆ ಆಗಬಹುದೇನೋ’. ಅಂಕಿ ಗೊತ್ತಿದ್ದರೆ ‘ಸ್ವಲ್ಪ’ ಬೇಡ. ‘₹54,000 ಬ್ಯಾಂಕಿನಿಂದಲೇ ಹೋಗುತ್ತದೆ’ ಅಂದರೆ ಸಾಕು. ತೊಂದರೆ ದೊಡ್ಡದೋ ಸಣ್ಣದೋ ಅಂತ ಮ್ಯಾನೇಜರ್ ತೀರ್ಮಾನಿಸುತ್ತಾರೆ.

## ಹಂತ 4: ಕೇಳುವ ಸಾಲನ್ನು ಕಟ್ಟುವುದು

ಮೆತ್ತಗಿನ ಪದಗಳನ್ನೆಲ್ಲ ತೆಗೆದ ಮೇಲೆ ಇನ್ನೊಂದು ಅಪಾಯ ಬರುತ್ತದೆ. ‘ಸಪ್ಲೈಯರ್‌ನ ₹54,000 ತಡೆಹಿಡಿಯಿರಿ. 17ರೊಳಗೆ ಉತ್ತರಿಸಿ.’ ಇದರಲ್ಲಿ ‘-ಇರಿ’, ‘-ಇ’ ಇದೆ, ವ್ಯಾಕರಣದಲ್ಲಿ ಗೌರವವಿದೆ. ಆದರೂ ಐದು ತಿಂಗಳ ಉದ್ಯೋಗಿ ಮ್ಯಾನೇಜರ್‌ಗೆ ಹೇಳಿದಾಗ ಆಜ್ಞೆಯಂತೆ ಕೇಳುತ್ತದೆ. ತೀರ್ಮಾನ ಮಾಡುವ ಅಧಿಕಾರ ಅವರದ್ದು, ಈ ವಾಕ್ಯ ಅದನ್ನು ಕಿತ್ತುಕೊಂಡಿತು.

ಇಲ್ಲಿ ಕನ್ನಡದಲ್ಲಿ ಒಂದು ಒಳ್ಳೆಯ ದಾರಿಯಿದೆ: ‘-ಓಣ’. ‘₹54,000 ತಡೆಹಿಡಿದು ಉಳಿದದ್ದು ಕೊಡೋಣವೇ?’ ಸಲಹೆ ನಿಮ್ಮದು, ತೀರ್ಮಾನ ಅವರದ್ದು, ಕೆಲಸ ಇಬ್ಬರದ್ದು. ಎಲ್ಲವೂ ಒಂದೇ ಪದದಲ್ಲಿ ಬಂತು, ಅಲ್ವಾ? ಸಲಹೆ ಪೂರ್ತಿಯಾಗಿರುವುದರಿಂದ ಅವರು ‘ಸರಿ’ ಅಂತ ಒಂದು ಪದ ಟೈಪ್ ಮಾಡಿದರೂ ಕೆಲಸ ಮುಂದೆ ಹೋಗುತ್ತದೆ.

ಗಡುವು ಹೇಳುವುದು ಉದ್ಧಟತನ ಅಂತ ಹಲವರು ಅಂದುಕೊಳ್ಳುತ್ತಾರೆ. ‘ನಿಮಗೆ ಸಮಯ ಸಿಕ್ಕಾಗ’ ಅನ್ನುವುದು ಮರ್ಯಾದೆ ಅಂತ. ಆದರೆ 18ಕ್ಕೆ ಪೇಮೆಂಟ್ ಇರುವಾಗ ಅದು ನಿಜವಲ್ಲ. ಅವರು ನಿಮ್ಮ ಮಾತು ನಂಬಿ 19ಕ್ಕೆ ಉತ್ತರಿಸಿದರೆ ಸಿಕ್ಕಿಹಾಕಿಕೊಳ್ಳುವವರು ಅವರೇ. ಗಡುವಿನ ಜೊತೆ ಕಾರಣ ಇಟ್ಟರೆ ಅದು ಒರಟಾಗುವುದಿಲ್ಲ: ‘18ಕ್ಕೆ ಪೇಮೆಂಟ್ ಇರುವುದರಿಂದ 17ರ ಸಂಜೆಯೊಳಗೆ ದಯವಿಟ್ಟು ತಿಳಿಸಿ.’ ‘ದಯವಿಟ್ಟು’ ಇಡೀ ಮೇಲ್‌ನಲ್ಲಿ ಒಂದು ಸಲ, ಈ ಸಾಲಿನಲ್ಲಿ. ಮೂರು ಕಡೆ ಬಂದರೆ ಗೋಗರೆದ ಹಾಗಾಗುತ್ತದೆ.

‘ತಾವು’ ಮತ್ತು ‘ನೀವು’ ಬೆರೆಸಬೇಡಿ. ದಿನಾ ‘ನೀವು’ ಅಂತ ಮಾತಾಡಿಸುವವರಿಗೆ ಕಷ್ಟದ ವಿಷಯ ಬಂದಾಗ ಮಾತ್ರ ‘ತಮ್ಮ ಗಮನಕ್ಕೆ’ ಅಂತ ಬರೆದರೆ ದೂರ ನಿಂತ ಹಾಗಾಗುತ್ತದೆ. ‘ಮುಂದಿನ ಸೂಕ್ತ ಕ್ರಮಕ್ಕಾಗಿ ವಿನಂತಿ’ ಅನ್ನುವ ಕಚೇರಿ ಪತ್ರದ ಸಾಲೂ ಬೇಡ. ಸೂಕ್ತ ಕ್ರಮ ಯಾವುದು ಅಂತ ನಿಮಗೆ ಗೊತ್ತಿದೆಯಲ್ಲ, ಅದನ್ನೇ ಬರೆಯಿರಿ.

## ಈಗ ಪೂರ್ತಿ ಮೇಲ್

> ವಿಷಯ: ಸ್ಟೀಲ್ ಶೀಟ್ ಬಿಲ್ 412: ₹54,000 ತಡೆಹಿಡಿಯಲು 17ರೊಳಗೆ ನಿಮ್ಮ ಒಪ್ಪಿಗೆ ಬೇಕು
>
> ನಮಸ್ತೆ ಸರ್,
>
> ಜನವರಿ 22ರ ಸ್ಟೀಲ್ ಶೀಟ್ ಬಿಲ್ ನಂ. 412 ನಮ್ಮ GSTR-2B ಯಲ್ಲಿ ಬಂದಿಲ್ಲ. ಇವತ್ತು ಬೆಳಿಗ್ಗೆ ಎರಡು ಸಲ ಹೋಲಿಸಿ ನೋಡಿದ್ದೇನೆ. ಹಾಗಾಗಿ ಅದರ ₹54,000 ಕ್ರೆಡಿಟ್ ಈ ತಿಂಗಳು ಸಿಗುವುದಿಲ್ಲ. 20ಕ್ಕೆ ರಿಟರ್ನ್ ಕಟ್ಟುವಾಗ ಅಷ್ಟು ಹಣ ಬ್ಯಾಂಕಿನಿಂದಲೇ ಹೋಗುತ್ತದೆ.
>
> ಸಪ್ಲೈಯರ್‌ಗೆ 18ರಂದು ₹1,54,000 ಬಾಕಿ ಕೊಡಬೇಕಿದೆ. ಬಿಲ್ 2B ಯಲ್ಲಿ ಬರುವವರೆಗೆ ಅದರಲ್ಲಿ ₹54,000 ತಡೆಹಿಡಿದು, ₹1,00,000 ಕೊಡೋಣವೇ? 17ರ ಸಂಜೆಯೊಳಗೆ ದಯವಿಟ್ಟು ತಿಳಿಸಿ.
>
> ಅವರು ಬಿಲ್ ಹಾಕಿಲ್ಲವೋ, ನಮ್ಮ ಜಿಎಸ್‌ಟಿ ನಂಬರ್ ತಪ್ಪಾಗಿದೆಯೋ ಇನ್ನೂ ಗೊತ್ತಿಲ್ಲ. ಮಧ್ಯಾಹ್ನ ಅವರಿಗೆ ಫೋನ್ ಮಾಡಿ, ಸಂಜೆ 5ರೊಳಗೆ ನಿಮಗೆ ತಿಳಿಸುತ್ತೇನೆ.
>
> ರಶ್ಮಿ

ಇದರಲ್ಲಿ ಒಂದೂ ಕ್ಷಮೆಯಿಲ್ಲ. ಎಲ್ಲಾದರೂ ಮರ್ಯಾದೆ ಕಡಿಮೆಯಾಯಿತೇ ಅಂತ ಜೋರಾಗಿ ಓದಿ ನೋಡಿ. ಜೋರಾಗಿ ಓದುವುದು ಸುಮ್ನೆ ಹೇಳಿದ್ದಲ್ಲ. ಮ್ಯಾನೇಜರ್ ಎದುರು ನಿಂತು ಇದೇ ಮಾತು ಹೇಳುತ್ತಿದ್ದೇನೆ ಅಂದುಕೊಂಡು ಓದಿ. ಯಾವ ಸಾಲಿನಲ್ಲಿ ದನಿ ಗಟ್ಟಿಯಾಗಿ ಆಜ್ಞೆಯಂತಾಯಿತೋ ಅಲ್ಲಿ ‘-ಓಣವೇ’ ಹಾಕಿ. ಯಾವ ಸಾಲಿನಲ್ಲಿ ದನಿ ಕುಗ್ಗಿತೋ ಅಲ್ಲಿ ಇನ್ನೂ ಒಂದು ಅಳುಕು ಉಳಿದಿದೆ.

ಕಳಿಸಿದ ಮರುಕ್ಷಣ ‘ಜಾಸ್ತಿ ಆಯ್ತೇನೋ’ ಅಂತ ಹೊಟ್ಟೆಯಲ್ಲಿ ಸಂಕಟ ಆಗುವವರಿಗೆ ಒಂದು ಸಣ್ಣ ಸಹಾಯ: ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ Undo Send ಅನ್ನು 30 ಸೆಕೆಂಡ್‌ಗೆ ಇಡಬಹುದು. ಆ ಅರ್ಧ ನಿಮಿಷದಲ್ಲಿ ವಿಷಯದ ಸಾಲು ಮತ್ತು ಕೇಳಿದ ಸಾಲು, ಎರಡನ್ನೇ ಮತ್ತೆ ಓದಿ.

## ಇಂಗ್ಲಿಷ್‌ನಲ್ಲಿ ಬರೆಯುವಾಗ

ನಮ್ಮಲ್ಲಿ ಹೆಚ್ಚಿನವರ ಕಚೇರಿ ಮೇಲ್ ಇಂಗ್ಲಿಷ್‌ನಲ್ಲೇ ಇರುತ್ತದೆ. ಅಲ್ಲಿ ‘ಸಾರಿ ಟು ಬಾದರ್ ಯು’, ‘ಐ ಜಸ್ಟ್ ವಾಂಟೆಡ್ ಟು ಚೆಕ್’, ‘ಮೇ ಬಿ ಐ ಆ್ಯಮ್ ರಾಂಗ್, ಬಟ್’ ಇನ್ನೂ ಜಾಸ್ತಿ. ಇದಕ್ಕೆ ಭಾಷೆಯಲ್ಲೇ ಒಂದು ಕಾರಣ ಇದೆ ಅಂತ ನನ್ನ ನಂಬಿಕೆ. ಕನ್ನಡದಲ್ಲಿ ಯೋಚಿಸುವಾಗ ‘ನೀವು’ ಮತ್ತು ‘ಕೊಡಿ’ ಗೌರವ ಹೊತ್ತುಕೊಂಡಿರುತ್ತವೆ. ಇಂಗ್ಲಿಷ್‌ಗೆ ಬಂದಾಗ ಮ್ಯಾನೇಜರ್‌ಗೂ ‘ಯು’, ತಮ್ಮನಿಗೂ ‘ಯು’. ಏನೋ ಬಿಟ್ಟುಹೋದ ಹಾಗೆ, ಬರಿಗೈಯಲ್ಲಿ ಹೋದ ಹಾಗೆ ಅನಿಸುತ್ತದೆ. ಆ ಖಾಲಿ ಜಾಗಕ್ಕೆ ಸಾರಿ, ಕೈಂಡ್ಲಿ, ಜಸ್ಟ್ ತುಂಬುತ್ತೇವೆ.

ಆ ಜಾಗಕ್ಕೆ ಇಂಗ್ಲಿಷ್‌ನದೇ ಗೌರವದ ರೂಪ ಹಾಕಿದರೆ ಸಾಕು. ಕೇಳುವ ಸಾಲನ್ನು ‘ಕುಡ್ ಯು ಪ್ಲೀಸ್’ ಅಂತ ಪ್ರಶ್ನೆಯಾಗಿ ಬರೆಯಿರಿ, ಅಥವಾ ‘ಶಲ್ ವಿ’ ಅನ್ನಿ. ನಮ್ಮ ‘-ಓಣವೇ’ಗೆ ಹತ್ತಿರ ಬರುವುದು ‘ಶಲ್ ವಿ’ಯೇ. ‘ಕುಡ್’ ಅನ್ನು ಅಳುಕಿನ ಪದ ಅಂತ ಅಳಿಸಬೇಡಿ, ಅದು ಅಲ್ಲಿ ಮರ್ಯಾದೆಯ ಪದ. ಅಳಿಸಬೇಕಾದ್ದು ‘ಜಸ್ಟ್’ ಮತ್ತು ‘ಸಾರಿ ಟು ಬಾದರ್’.

ನಿಮ್ಮ ಅಭ್ಯಾಸ ಎಷ್ಟಿದೆ ಅಂತ ನೋಡಲು ಜಿಮೇಲ್‌ನ ಹುಡುಕುವ ಜಾಗದಲ್ಲಿ ಇದನ್ನು ಟೈಪ್ ಮಾಡಿ:

```
in:sent sorry
```

ನೀವು ಕಳಿಸಿದ ಮೇಲ್‌ಗಳಲ್ಲಿ ಆ ಪದ ಇರುವುವೆಲ್ಲ ಬರುತ್ತವೆ. ಅದೇ ಜಾಗದಲ್ಲಿ ‘ಕ್ಷಮಿಸಿ’ ಹಾಕಿಯೂ ನೋಡಿ. ಮೊದಲ ಹತ್ತು ಮೇಲ್ ತೆರೆದು ಹಂತ 2ರ ಪ್ರಶ್ನೆ ಕೇಳಿ: ಇಲ್ಲಿ ಯಾರಿಗಾದರೂ ನಷ್ಟವಾಗಿತ್ತೇ? ಯಾರಿಗೆ ಬರೆಯುವಾಗ ಜಾಸ್ತಿ ಬರುತ್ತಿದೆ ಅನ್ನುವುದನ್ನೂ ಗಮನಿಸಿ. ಕೆಲವರಿಗೆ ಒಬ್ಬರೇ ಒಬ್ಬರಿಗೆ ಬರೆಯುವಾಗ ಮಾತ್ರ ಬರುತ್ತದೆ. ಹಾಗಿದ್ದರೆ ಅವರಿಗೆ ಬರೆಯುವ ಮೇಲ್‌ಗಳನ್ನಷ್ಟೇ ಕಳಿಸುವ ಮೊದಲು ಈ ಹಂತಗಳಲ್ಲಿ ಹಾಯಿಸಿದರೆ ಸಾಕು.

## ಮೆತ್ತಗೇ ಬರೆಯಬೇಕಾದ ಕಡೆ

ಹಿರಿಯರ ತಪ್ಪನ್ನು ಎತ್ತಿ ಹೇಳುವಾಗ, ಅದರಲ್ಲೂ ನಾಲ್ಕು ಜನ ಸಿಸಿಯಲ್ಲಿರುವಾಗ, ನೇರ ಮಾತು ಕೆಲಸ ಕೆಡಿಸುತ್ತದೆ. ‘ನಿಮ್ಮ ಶೀಟ್‌ನಲ್ಲಿ ತಪ್ಪಿದೆ’ ಅನ್ನುವುದು ನಿಜವೇ ಆಗಿದ್ದರೂ ಬೇಡ. ಸಾಧ್ಯವಿದ್ದರೆ ಸಿಸಿ ತೆಗೆದು ಅವರೊಬ್ಬರಿಗೇ ಬರೆಯಿರಿ. ಆಮೇಲೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ: ‘ಶೀಟ್‌ನಲ್ಲಿ ಬಾಕಿ ₹1,45,000 ಇದೆ, ಲೆಡ್ಜರ್‌ನಲ್ಲಿ ₹1,54,000 ಕಾಣುತ್ತಿದೆ. ಯಾವುದನ್ನು ತೆಗೆದುಕೊಳ್ಳಲಿ ಸರ್?’ ಇಲ್ಲಿ ಕ್ಷಮೆಯೂ ಇಲ್ಲ, ಬಹುಶಃವೂ ಇಲ್ಲ, ಆದರೂ ಮಾತು ಮೆತ್ತಗಿದೆ. ತಪ್ಪು ಯಾರದ್ದು ಅಂತ ಹೇಳದೆ, ವ್ಯತ್ಯಾಸ ಎಲ್ಲಿದೆ ಅಂತ ಹೇಳಿದ್ದೇ ಅದಕ್ಕೆ ಕಾರಣ.

ಒಬ್ಬರ ಮನೆಯಲ್ಲಿ ಸಾವು, ಕಾಯಿಲೆ ಇರುವಾಗ ಕೆಲಸದ ವಿಷಯ ಕೇಳಬೇಕಾಗಿ ಬಂದರೂ ಈ ಲೆಕ್ಕಾಚಾರ ಬಿಡಿ. ‘ಇಂಥ ಸಮಯದಲ್ಲಿ ಕೇಳುತ್ತಿರುವುದಕ್ಕೆ ಕ್ಷಮಿಸಿ’ ಅನ್ನುವುದು ಅಲ್ಲಿ ಬೇಕಾದ ಮಾತು.

## ಉತ್ತರ ಬಂದ ಮೇಲೆ

ಮೇಲ್ ಚೆನ್ನಾಗಿ ಬರೆದವರೂ ಇಲ್ಲಿ ಜಾರುತ್ತಾರೆ. ಮ್ಯಾನೇಜರ್ ಅರ್ಧ ಗಂಟೆಯಲ್ಲಿ ಉತ್ತರಿಸುತ್ತಾರೆ ಅಂತಿಟ್ಟುಕೊಳ್ಳಿ: ‘ತಡೆಹಿಡಿಯೋದು ಬೇಡಮ್ಮ. ಅವರು ಹಳೆಯ ಸಪ್ಲೈಯರ್, ನಾನೇ ಮಾತಾಡ್ತೀನಿ. ಪೂರ್ತಿ ಕೊಟ್ಟುಬಿಡಿ.’

ಬೆರಳು ತಾನಾಗಿ ಟೈಪ್ ಮಾಡುವುದು ‘ಸಾರಿ ಸರ್, ನನಗೆ ಗೊತ್ತಿರಲಿಲ್ಲ, ಸುಮ್ನೆ ಹೇಳಿದೆ.’ ಅಲ್ಲಿಗೆ ಮೊದಲ ಮೇಲ್ ಕಟ್ಟಿದ್ದೆಲ್ಲ ಕೆಳಗೆ ಬಿತ್ತು. ರಶ್ಮಿ ತಪ್ಪು ಸಲಹೆ ಕೊಟ್ಟಿಲ್ಲ. ಅವಳ ಹತ್ತಿರ ಇದ್ದ ಮಾಹಿತಿಗೆ ಸಲಹೆ ಸರಿಯಾಗಿಯೇ ಇತ್ತು, ಮ್ಯಾನೇಜರ್ ಹತ್ತಿರ ಇನ್ನೊಂದು ಮಾಹಿತಿ ಇತ್ತು, ಅಷ್ಟೇ. ಹಾಗಾಗಿ ಅವಳು ಬರೆಯಬೇಕಾದ್ದು ಇದು:

> ಸರಿ ಸರ್. 18ಕ್ಕೆ ಪೂರ್ತಿ ₹1,54,000 ಕೊಡುತ್ತೇನೆ. 20ರ ರಿಟರ್ನ್‌ಗೆ ಬೇಕಾದ ₹54,000 ಬ್ಯಾಂಕ್‌ನಲ್ಲಿ ಬೇರೆ ಇಡುತ್ತೇನೆ. ಮಾರ್ಚ್ 14ರ 2B ಯಲ್ಲಿ ಬಿಲ್ 412 ಬಂದಿದೆಯೇ ಅಂತ ನೋಡಿ ತಿಳಿಸುತ್ತೇನೆ.